ಚಂದಾ ಇರುವ ಜರ್ನಲ್ ಲೇಖನಗಳನ್ನು ನೆಟ್‌ವರ್ಕ್ ಇಲ್ಲದ ಊರಲ್ಲಿ ಓದುವುದು ಹೇಗೆ? ಒಂದು ಪತ್ರ ಎಬ್ಬಿಸಿದ ಪ್ರಶ್ನೆಗಳು

ರಾಯಚೂರಿನ ನಮ್ಮ ಗ್ರಂಥಾಲಯಕ್ಕೆ ಜೂನ್ ತಿಂಗಳಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಒಂದು ಪತ್ರ ಬರೆದಳು. ಅದಕ್ಕೆ ಉತ್ತರ ಕೊಡುತ್ತಾ ಹೋದಂತೆ, ಇದೇ ಪ್ರಶ್ನೆಗಳನ್ನು ಪ್ರತಿ ವರ್ಷ ಹೊಲಕ್ಕೆ, ಹಳ್ಳಿಗೆ, ಗಣಿ ಪ್ರದೇಶಕ್ಕೆ ಹೊರಡುವ ಎಷ್ಟೋ ಜನ ಕೌಂಟರ್ ಬಳಿ ನಿಂತು ಕೇಳಿದ್ದು ನೆನಪಾಯಿತು. ಆಕೆಯ ಒಪ್ಪಿಗೆ ಪಡೆದು ಪತ್ರವನ್ನೂ ಉತ್ತರಗಳನ್ನೂ ಇಲ್ಲಿ ಕೊಡುತ್ತಿದ್ದೇನೆ. ಹೆಸರು, ವಿಳಾಸ ಬಿಟ್ಟಿದ್ದೇನೆ.

ಆ ಪತ್ರದಲ್ಲಿ ಏನಿತ್ತು?

"ಗ್ರಂಥಪಾಲಕರಿಗೆ,

ಮಾನ್ಯರೇ, ನಾನು ಮಣ್ಣು ವಿಜ್ಞಾನದಲ್ಲಿ ಎರಡನೇ ವರ್ಷದ ಪಿಎಚ್.ಡಿ. ವಿದ್ಯಾರ್ಥಿನಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಗದ್ದೆಗಳಲ್ಲಿ ಸವಳು ಹೇಗೆ ಹರಡುತ್ತಿದೆ ಎಂಬುದು ನನ್ನ ವಿಷಯ. ಜುಲೈನಿಂದ ನಾಲ್ಕು ತಿಂಗಳು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಉಳಿದು ಮಣ್ಣಿನ ಮಾದರಿ ತೆಗೆಯಬೇಕಾಗಿದೆ. ಅಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಬಳಿ ಮಾತ್ರ. ಕಳೆದ ಬಾರಿ ಹೋದಾಗ ಇಲ್ಲಿ ತೆರೆದಿದ್ದ ಲೇಖನಗಳ ಕೊಂಡಿಗಳನ್ನು ನನ್ನ ವಾಟ್ಸ್‌ಆ್ಯಪ್‌ಗೇ ಕಳಿಸಿಕೊಂಡಿದ್ದೆ. ಅಲ್ಲಿ ಒಂದೂ ತೆರೆಯಲಿಲ್ಲ. ಕೆಲವನ್ನು ಇಳಿಸಿಕೊಂಡಿದ್ದೆ, ಅವುಗಳಲ್ಲಿಯೂ ಐದಾರು 'ಫೈಲ್ ಕೆಟ್ಟಿದೆ' ಎಂದವು. ನಮ್ಮ ವಿಶ್ವವಿದ್ಯಾಲಯ ಚಂದಾ ಕಟ್ಟಿರುವ ಲೇಖನಗಳನ್ನು ಇಂಟರ್ನೆಟ್ ಇಲ್ಲದೆ ಓದುವಂತೆ ಇಟ್ಟುಕೊಳ್ಳಲು ನನಗೆ ಅನುಮತಿ ಇದೆಯೇ? ಇದ್ದರೆ ಹೇಗೆ? ನನಗೆ ಬೇಕಾದ 38 ಲೇಖನಗಳ ಪಟ್ಟಿ ಜೊತೆಗಿದೆ. ದಯವಿಟ್ಟು ದಾರಿ ತೋರಿಸಿ."

ಗ್ರಂಥಪಾಲಕರಿಗೆ ಇಂಥ ಪತ್ರ ಬರೆಯುವಾಗ ಯಾವ ವಿವರ ಬೇಕು?

ಆಕೆ ಬರೆದದ್ದರಲ್ಲಿ ಬಹುಪಾಲು ಸರಿಯಾಗಿಯೇ ಇತ್ತು. ಎಲ್ಲಿ ಇರುತ್ತಾಳೆ, ಎಷ್ಟು ದಿನ, ಮೊದಲು ಏನು ಪ್ರಯತ್ನಿಸಿದಳು, ಎಲ್ಲಿ ಕೆಟ್ಟಿತು ಎಲ್ಲವನ್ನೂ ಹೇಳಿದ್ದಳು. 'ಐದಾರು ಫೈಲ್ ತೆರೆಯಲಿಲ್ಲ' ಎಂಬ ಒಂದು ಸಾಲು ನನ್ನ ಅರ್ಧ ದಿನದ ಕೆಲಸ ಉಳಿಸಿತು, ಏಕೆಂದರೆ ತೊಂದರೆ ಅನುಮತಿಯದಲ್ಲ, ಇಳಿಸಿಕೊಂಡ ವಿಧಾನದ್ದು ಎಂಬುದು ಅದರಿಂದಲೇ ಗೊತ್ತಾಯಿತು.

ಕೊರತೆ ಇದ್ದದ್ದು ಪಟ್ಟಿಯಲ್ಲಿ. ಕೆಲವೆಡೆ ಲೇಖಕರ ಹೆಸರು ಮತ್ತು ವರ್ಷ ಮಾತ್ರ ಇತ್ತು, ಕೆಲವೆಡೆ ಶೀರ್ಷಿಕೆಯ ಅರ್ಧ. ಈಚಿನ ಬಹುತೇಕ ಲೇಖನಗಳಿಗೆ ಡಿಒಐ ಎಂಬ ಸ್ಥಿರ ಗುರುತು ಇರುತ್ತದೆ. ಅದು ಯಾವಾಗಲೂ `10.` ಎಂದು ಆರಂಭವಾಗುತ್ತದೆ ಮತ್ತು ಸಾಮಾನ್ಯವಾಗಿ ಲೇಖನದ ಮೊದಲ ಪುಟದಲ್ಲಿಯೇ ಅಚ್ಚಾಗಿರುತ್ತದೆ. ಪ್ರಕಾಶಕರು ಜಾಲತಾಣ ಬದಲಿಸಿದರೂ, ಜರ್ನಲ್ ಕೈ ಬದಲಾದರೂ, `https://doi.org/` ನಂತರ ಆ ಗುರುತನ್ನು ಹಾಕಿದರೆ ಲೇಖನದ ಪುಟ ತೆರೆಯುತ್ತದೆ. ಪಟ್ಟಿಯಲ್ಲಿ ಡಿಒಐ ಇದ್ದರೆ ಚಂದಾ ಇದೆಯೇ ಇಲ್ಲವೇ ಎಂದು ಒಂದೊಂದನ್ನೂ ನೋಡಲು ನಮಗೆ ನಿಮಿಷವೂ ಬೇಡ. ಹಳೆಯ ಕೆಲವು ಲೇಖನಗಳಿಗೆ ಡಿಒಐ ಇರುವುದಿಲ್ಲ. ಅಂಥವಕ್ಕೆ ಜರ್ನಲ್ ಹೆಸರು, ಸಂಪುಟ, ಪುಟಸಂಖ್ಯೆ ಬರೆಯಿರಿ.

ಇಳಿಸಿಕೊಂಡು ಇಟ್ಟುಕೊಳ್ಳಲು ನಿಜವಾಗಿಯೂ ಅನುಮತಿ ಇದೆಯೇ?

ಇದೆ. ಈ ವಿಷಯದಲ್ಲಿ ವಿದ್ಯಾರ್ಥಿಗಳು ಅಪರಾಧಿಗಳಂತೆ ಅಳುಕುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಚಂದಾ ಎಂದರೆ ಪ್ರಕಾಶಕರೊಂದಿಗೆ ಮಾಡಿಕೊಂಡ ಒಪ್ಪಂದ. ಅದರಲ್ಲಿ 'ಅಧಿಕೃತ ಬಳಕೆದಾರರು' ಎಂದು ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿಯನ್ನು ಹೆಸರಿಸಿರುತ್ತಾರೆ. ಅವರು ತಮ್ಮ ಓದಿಗೆ, ಸಂಶೋಧನೆಗೆ ಬೇಕಾದ ಬಿಡಿ ಲೇಖನಗಳನ್ನು ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಬಹುದು ಎಂಬ ಮಾತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿಯೂ, ಸಂಶೋಧನೆಯೂ ಸೇರಿದಂತೆ ಖಾಸಗಿ ಉಪಯೋಗಕ್ಕಾಗಿ ಮಾಡುವ ನ್ಯಾಯಯುತ ಬಳಕೆಗೆ ಅವಕಾಶವಿದೆ.

ಗೆರೆ ಇರುವುದು ಬೇರೆ ಕಡೆ. ಇಡೀ ಸಂಚಿಕೆಯನ್ನು, ಇಡೀ ಸಂಪುಟವನ್ನು ಬಾಚಿಕೊಳ್ಳುವುದು, ಫೈಲ್‌ಗಳನ್ನು ಸಾರ್ವಜನಿಕ ಗುಂಪಿಗೆ ಹಾಕುವುದು, ನಿಮ್ಮ ಪಾಸ್‌ವರ್ಡ್ ಹೊರಗಿನವರಿಗೆ ಕೊಡುವುದು ಒಪ್ಪಂದದ ಉಲ್ಲಂಘನೆ. 38 ಲೇಖನಗಳನ್ನು ಆರಿಸಿ ಇಳಿಸಿಕೊಳ್ಳುವುದು ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಕ್ಯಾಂಪಸ್ ಬಿಟ್ಟರೆ ಚಂದಾ ಲೇಖನ ಏಕೆ ತೆರೆಯುವುದಿಲ್ಲ?

ಪ್ರಕಾಶಕರ ಕಂಪ್ಯೂಟರ್ ನಿಮ್ಮನ್ನು ಗುರುತಿಸುವುದು ಮುಖ ನೋಡಿ ಅಲ್ಲ, ನೀವು ಯಾವ ಐಪಿ ವಿಳಾಸದಿಂದ ಬಂದಿದ್ದೀರಿ ಎಂಬುದನ್ನು ನೋಡಿ. ಕ್ಯಾಂಪಸ್ಸಿನ ಐಪಿ ವಿಳಾಸಗಳನ್ನು ನಾವು ಮೊದಲೇ ಅವರಿಗೆ ಕೊಟ್ಟಿರುತ್ತೇವೆ. ಹಾಗಾಗಿ ಗ್ರಂಥಾಲಯದ ವೈಫೈನಲ್ಲಿ ಏನೂ ಕೇಳದೆ ತೆರೆಯುವ ಲೇಖನ, ಹೊರಗೆ ಮೊಬೈಲ್ ಡೇಟಾದಲ್ಲಿ ಹಣ ಕೇಳುತ್ತದೆ.

ಹೊರಗಿನಿಂದ ತೆರೆಯಲು ಇನ್‌ಫೆಡ್ ಎಂಬ ವ್ಯವಸ್ಥೆ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಪ್ರಕಾಶಕರ ಪುಟದಲ್ಲಿ `Access through your institution` ಎಂಬುದನ್ನು ಒತ್ತಿ, ಸಂಸ್ಥೆಯ ಹೆಸರು ಹುಡುಕಿ, ಗ್ರಂಥಾಲಯ ಕೊಟ್ಟ ಹೆಸರು ಮತ್ತು ಪಾಸ್‌ವರ್ಡ್ ಹಾಕಬೇಕು. ಈ ಖಾತೆಯನ್ನು ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ ಮತ್ತು ಕ್ಯಾಂಪಸ್ಸಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ಪರೀಕ್ಷಿಸಿ. ವೈಫೈನಲ್ಲಿ ಪರೀಕ್ಷಿಸಿದರೆ ಐಪಿ ವಿಳಾಸವೇ ನಿಮ್ಮನ್ನು ಒಳಗೆ ಬಿಡುತ್ತದೆ. ಖಾತೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅದರಿಂದ ತಿಳಿಯದು. ಈ ತಪ್ಪನ್ನು ತುಂಬ ಜನ ಮಾಡುತ್ತಾರೆ.

'ಒಂದು ರಾಷ್ಟ್ರ ಒಂದು ಚಂದಾ' ಬಂದ ಮೇಲೆ ಇದೆಲ್ಲ ಬದಲಾಗಿಲ್ಲವೇ?

ಯಾವ ಜರ್ನಲ್ ಸಿಗುತ್ತದೆ ಎಂಬುದು ಬಹಳ ಬದಲಾಗಿದೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟ ಈ ಯೋಜನೆ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ಮೊದಲು ನಮ್ಮಂಥ ಊರಿನ ಗ್ರಂಥಾಲಯ ಕೊಳ್ಳಲು ಸಾಧ್ಯವೇ ಇಲ್ಲದಿದ್ದ ಜರ್ನಲ್‌ಗಳು ಇಂದು ನಮ್ಮ ಮೇಜಿನ ಮೇಲಿವೆ. ಆದರೆ ಗುರುತಿಸುವ ವಿಧಾನ, ಇಳಿಸಿಕೊಳ್ಳುವ ಮಿತಿ ಹಿಂದಿನಂತೆಯೇ ಇವೆ. ಖಾಸಗಿ ಕಾಲೇಜಿನಲ್ಲಿ ಓದುವವರು ತಮ್ಮ ಗ್ರಂಥಪಾಲಕರನ್ನು ಪ್ರತ್ಯೇಕವಾಗಿ ಕೇಳಬೇಕು.

ವಾಟ್ಸ್‌ಆ್ಯಪ್‌ಗೆ ಕಳಿಸಿಕೊಂಡ ಕೊಂಡಿ ಹಳ್ಳಿಯಲ್ಲಿ ಏಕೆ ತೆರೆಯಲಿಲ್ಲ?

ಆಕೆಯ ಮೊಬೈಲಿನಲ್ಲಿದ್ದ ಒಂದು ಕೊಂಡಿಯನ್ನು ಇಬ್ಬರೂ ಕುಳಿತು ನೋಡಿದೆವು. ಅದು ಪರದೆಯ ತುಂಬ ಹರಡಿಕೊಂಡಿತ್ತು. ನಡುವೆ ಎಲ್ಲೋ ಹೀಗಿತ್ತು:

```
X-Amz-Expires=300
```

ಆ 300 ಎಂಬುದು ಸೆಕೆಂಡುಗಳು. ಲೇಖನದ ಪುಟದಲ್ಲಿ ಪಿಡಿಎಫ್ ಗುಂಡಿ ಒತ್ತಿದಾಗ ಪ್ರಕಾಶಕರ ಕಂಪ್ಯೂಟರ್ ನಿಮ್ಮ ಹಕ್ಕನ್ನು ನೋಡಿ, ಐದು ನಿಮಿಷ ಮಾತ್ರ ಬದುಕುವ ಒಂದು ತಾತ್ಕಾಲಿಕ ಕೊಂಡಿ ತಯಾರಿಸಿ ಕೊಡುತ್ತದೆ. ಬ್ರೌಸರಿನ ಮೇಲ್ಭಾಗದಲ್ಲಿ ಕಾಣುವುದು ಅದೇ. ಆಕೆ ಅದನ್ನೇ ನಕಲು ಮಾಡಿದ್ದಳು. ಬಸ್ಸು ರಾಯಚೂರು ದಾಟುವ ಮೊದಲೇ ಅದರ ಆಯಸ್ಸು ಮುಗಿದಿತ್ತು.

ಇನ್ನು ಕೆಲವು ಕೊಂಡಿಗಳಲ್ಲಿ `/doi/epdf/` ಎಂದಿತ್ತು. ಅದು ಪಿಡಿಎಫ್‌ನಂತೆ ಕಾಣುವ, ಬ್ರೌಸರಿನೊಳಗೇ ಓದಿಸುವ ಪುಟ. ಪುಟ ತಿರುವುತ್ತದೆ, ಬಣ್ಣ ಹಚ್ಚಲು ಬಿಡುತ್ತದೆ, ಆದರೆ ನಿಮ್ಮ ಕಂಪ್ಯೂಟರಿಗೆ ಏನೂ ಇಳಿದಿರುವುದಿಲ್ಲ. ಅಲ್ಲಿ `Ctrl+S` ಒತ್ತಿದರೆ ಖಾಲಿ ಚೌಕಟ್ಟು ಮಾತ್ರ ಉಳಿಯುತ್ತದೆ. ಆ ಪುಟದಲ್ಲಿಯೇ ಕೆಳಮುಖ ಬಾಣದ ಗುರುತು ಇರುತ್ತದೆ. ಅದನ್ನು ಒತ್ತಿ ಫೈಲ್ ಇಳಿಸಬೇಕು.

ಹಾಗಾಗಿ ಓದಲು ಬೇಕಿದ್ದರೆ ಫೈಲ್ ಇಟ್ಟುಕೊಳ್ಳಿ, ನೆನಪಿಗೆ ಬೇಕಿದ್ದರೆ ಡಿಒಐ ಇಟ್ಟುಕೊಳ್ಳಿ. ಬ್ರೌಸರಿನ ಮೇಲ್ಭಾಗದಲ್ಲಿರುವ ಉದ್ದನೆಯ ಕೊಂಡಿ ಎರಡಕ್ಕೂ ಬರುವುದಿಲ್ಲ.

ಇಳಿದ ಫೈಲ್ ಸರಿಯಾಗಿದೆಯೇ ಎಂದು ಹೊರಡುವ ಮೊದಲೇ ತಿಳಿಯುವುದು ಹೇಗೆ?

ಪತ್ರದಲ್ಲಿದ್ದ 'ಫೈಲ್ ಕೆಟ್ಟಿದೆ' ಎಂಬ ದೂರಿಗೆ ಇಲ್ಲಿ ಉತ್ತರವಿದೆ. ಆ ಫೈಲ್‌ಗಳು ಕೆಟ್ಟಿರಲಿಲ್ಲ. ಅವು ಲೇಖನಗಳೇ ಆಗಿರಲಿಲ್ಲ.

ಆಕೆಯ ಪೆನ್‌ಡ್ರೈವ್ ತೆರೆದು ಗಾತ್ರದ ಪ್ರಕಾರ ಜೋಡಿಸಿದೆ. ಒಳ್ಳೆಯ ಫೈಲ್‌ಗಳೆಲ್ಲ ಒಂದೆರಡು ಎಂಬಿ ಇದ್ದವು. ತೆರೆಯದಿದ್ದವು ಎಲ್ಲವೂ ಹತ್ತಾರು ಕೆಬಿ ಮಾತ್ರ. ಹತ್ತು ಪುಟದ, ಚಿತ್ರ-ಕೋಷ್ಟಕ ಇರುವ ಲೇಖನ ಅಷ್ಟು ಚಿಕ್ಕದಾಗಿರುವುದು ಅಪರೂಪ. ಅವುಗಳಲ್ಲಿ ಒಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ನಿಜವಾದ ಪಿಡಿಎಫ್ ಆಗಿದ್ದರೆ ಮೊದಲ ಸಾಲು `%PDF-1.7` ಎಂಬಂತೆ ಇರುತ್ತದೆ, ಕೊನೆಯ ಅಂಕಿ ಬೇರೆಯಿರಬಹುದು. ಇದರಲ್ಲಿ ಇದ್ದದ್ದು `<!DOCTYPE html>`. ಅಂದರೆ ಅದೊಂದು ಲಾಗಿನ್ ಪುಟ. ಲೇಖನ ಇಳಿಸುವ ಹೊತ್ತಿಗೆ ಆಕೆಯ ಲಾಗಿನ್ ಅವಧಿ ಮುಗಿದಿತ್ತು. ಪ್ರಕಾಶಕರ ಕಂಪ್ಯೂಟರ್ ಲೇಖನದ ಬದಲು 'ಮತ್ತೆ ಲಾಗಿನ್ ಆಗಿ' ಎಂಬ ಪುಟ ಕಳಿಸಿತ್ತು, ಅದೇ `.pdf` ಎಂಬ ಹೆಸರು ಹೊತ್ತು ಉಳಿದುಕೊಂಡಿತ್ತು.

ಒಂದೊಂದಾಗಿ ತೆರೆದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು, ವೈಫೈ ಆರಿಸಿದ ಮೇಲೆ ನೋಡಿ. ಫೈಲ್‌ಗಳು ಹೆಚ್ಚಿದ್ದರೆ ಆ ಫೋಲ್ಡರಿನಲ್ಲಿ ವಿಂಡೋಸ್ ಪವರ್‌ಶೆಲ್ ತೆರೆದು ಇದನ್ನು ಓಡಿಸಿ. ನಕಲಿ ಪಿಡಿಎಫ್‌ಗಳ ಹೆಸರು ಮಾತ್ರ ಬರುತ್ತದೆ. ಏನೂ ಬರದಿದ್ದರೆ ಎಲ್ಲವೂ ಪಿಡಿಎಫ್‌ಗಳೇ.

```
Get-ChildItem -Recurse -Filter *.pdf | Where-Object {
  (Get-Content -LiteralPath $_.FullName -TotalCount 1) -notlike '%PDF*'
}
```

ಇದು ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಹಿಡಿಯುವುದಿಲ್ಲ, ಮೊದಲ ಸಾಲು ಅದರಲ್ಲಿಯೂ ಸರಿಯಾಗಿರುತ್ತದೆ. ಅದಕ್ಕಾಗಿ ಕೊನೆಯ ಪುಟದವರೆಗೆ ಒಮ್ಮೆ ಸರಿಸಿ ನೋಡಬೇಕು. ಮತ್ತೊಂದು ಮಾತು: ಪೂರಕ ಮಾಹಿತಿ ಎಂದು ಕೊಡುವ ಕೋಷ್ಟಕ, ದತ್ತಾಂಶ ಲೇಖನದ ಪಿಡಿಎಫ್ ಒಳಗೆ ಇರುವುದಿಲ್ಲ. ಮಾದರಿ ತೆಗೆದ ಆಳ, ಸ್ಥಳದ ವಿವರ ಎಷ್ಟೋ ಸಲ ಅದರಲ್ಲಿಯೇ ಇರುತ್ತದೆ. ಹೊಲದಲ್ಲಿ ನಿಂತಾಗ ಬೇಕಾಗುವುದೂ ಅದೇ. ಅದನ್ನು ಬೇರೆಯಾಗಿ ಇಳಿಸಿಕೊಳ್ಳಿ.

ಒಂದೇ ಸಲಕ್ಕೆ ಎಷ್ಟು ಲೇಖನ ಇಳಿಸಬಹುದು?

ಪ್ರಕಾಶಕರು ಸಾಮಾನ್ಯವಾಗಿ ಅಂಕಿ ಹೇಳುವುದಿಲ್ಲ. ಅವರು ನೋಡುವುದು ವೇಗವನ್ನು ಮತ್ತು ಕ್ರಮವನ್ನು. ಮನುಷ್ಯ ಸಾರಾಂಶ ಓದುತ್ತಾನೆ, ಒಂದು ಇಳಿಸುತ್ತಾನೆ, ಮತ್ತೊಂದನ್ನು ಹುಡುಕುತ್ತಾನೆ. ಯಂತ್ರವಾದರೆ ಒಂದೇ ಸಂಚಿಕೆಯ ಮೊದಲ ಲೇಖನದಿಂದ ಕೊನೆಯದರವರೆಗೆ ಸೆಕೆಂಡಿಗೊಂದರಂತೆ ಎಳೆಯುತ್ತದೆ. ಈ ವ್ಯತ್ಯಾಸ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ನಾನು ಮೊದಲು ಕೆಲಸ ಮಾಡಿದ ಒಂದು ಗ್ರಂಥಾಲಯದಲ್ಲಿ ಹೀಗೊಮ್ಮೆ ಆಯಿತು. ಸಂಶೋಧಕನೊಬ್ಬ ರಾತ್ರಿ ಬ್ರೌಸರಿಗೆ ಒಂದು ಡೌನ್‌ಲೋಡ್ ಸಾಧನ ಜೋಡಿಸಿ, ಒಂದು ಜರ್ನಲಿನ ಹತ್ತು ವರ್ಷದ ಸಂಚಿಕೆಗಳನ್ನು ಹಚ್ಚಿ ಮಲಗಿದ. ಬೆಳಿಗ್ಗೆ ಹತ್ತಕ್ಕೆ ನಾವು ಬಾಗಿಲು ತೆರೆದಾಗ ಆ ಪ್ರಕಾಶಕರ ಒಂದು ಲೇಖನವೂ ಯಾರಿಗೂ ತೆರೆಯುತ್ತಿರಲಿಲ್ಲ. ಕ್ಯಾಂಪಸ್ಸಿನ ನೂರಾರು ಕಂಪ್ಯೂಟರ್‌ಗಳು ಹೊರಗೆ ಹೋಗುವುದು ಒಂದೆರಡು ಐಪಿ ವಿಳಾಸಗಳ ಮೂಲಕ. ಅವನೊಬ್ಬನನ್ನು ತಡೆಯಲು ಹೋಗಿ ಅವರು ಎಲ್ಲರನ್ನೂ ತಡೆದಿದ್ದರು. ಯಾರು, ಯಾವಾಗ, ಏಕೆ ಎಂದು ಪತ್ತೆ ಹಚ್ಚಿ, ಮತ್ತೆ ಆಗದು ಎಂದು ಬರೆದುಕೊಟ್ಟು, ಪ್ರವೇಶ ಮರಳಿ ಬರಲು ವಾರ ಹಿಡಿಯಿತು. ಆ ವಾರ ಪ್ರಬಂಧ ಸಲ್ಲಿಸಬೇಕಿದ್ದ ಹುಡುಗಿಯೊಬ್ಬಳು ನನ್ನ ಮುಂದೆ ಕುಳಿತು ಅತ್ತದ್ದನ್ನು ನಾನು ಮರೆತಿಲ್ಲ.

ಸವಳಿನ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: ಕೈಯಿಂದಲೇ ಇಳಿಸು, ಪ್ರತಿಯೊಂದನ್ನೂ ತೆರೆದು ಸಾರಾಂಶದ ಮೇಲೆ ಕಣ್ಣಾಡಿಸು, ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಆಕೆ ನಾಲ್ಕು ಮಧ್ಯಾಹ್ನ ಕುಳಿತಳು. ಹಾಗೆ ಓದಿದ್ದರಿಂದ ಮೂರು ಲೇಖನಗಳು ತನಗೆ ಬೇಡವೆಂದೂ ಆಕೆಗೇ ಗೊತ್ತಾಯಿತು.

ಪಟ್ಟಿಯಲ್ಲಿದ್ದ ಎಲ್ಲ ಲೇಖನಗಳಿಗೂ ಚಂದಾ ಇತ್ತೇ?

ಇರಲಿಲ್ಲ. ಉಳಿದ 35ರಲ್ಲಿ 21ಕ್ಕೆ ಚಂದಾ ಇತ್ತು. 9 ಲೇಖನಗಳು ಮುಕ್ತ ಪ್ರವೇಶದವು, ಅವನ್ನು ಯಾರು ಎಲ್ಲಿಂದ ಬೇಕಾದರೂ ಇಳಿಸಬಹುದು. ಆಕೆ ಅವಕ್ಕೂ ಅನುಮತಿ ಬೇಕೆಂದು ತಿಳಿದಿದ್ದಳು. ತೊಡಕಾದದ್ದು ಇನ್ನುಳಿದ 5.

ಅವುಗಳಲ್ಲಿ ಎರಡು ಲೇಖನಗಳ ಜರ್ನಲಿಗೆ ಚಂದಾ ಇದ್ದರೂ ಲೇಖನ 1980ರ ದಶಕದವು. ಚಂದಾ ಎಂದರೆ ಎಲ್ಲ ವರ್ಷಗಳೂ ಅಲ್ಲ, ಹಳೆಯ ಸಂಪುಟಗಳನ್ನು ಪ್ರಕಾಶಕರು ಎಷ್ಟೋ ಸಲ ಪ್ರತ್ಯೇಕವಾಗಿ ಮಾರುತ್ತಾರೆ. ಒಂದು ಕಾಲದಲ್ಲಿ ನಾವು ಕಾಗದದ ಸಂಚಿಕೆಗಳನ್ನೇ ತರಿಸುತ್ತಿದ್ದೆವು. ಎರಡನೇ ಮಹಡಿಯ ರಟ್ಟು ಕಟ್ಟಿದ ಸಂಪುಟಗಳಲ್ಲಿ ಎರಡೂ ಸಿಕ್ಕವು. ಧೂಳು ಒರೆಸಿ ಆಕೆ ಅಲ್ಲಿಯೇ ಓದಲು ಕುಳಿತಳು.

ಒಂದರ ಅಂಗೀಕೃತ ಹಸ್ತಪ್ರತಿಯನ್ನು ಲೇಖಕರೇ ತಮ್ಮ ವಿಶ್ವವಿದ್ಯಾಲಯದ ಭಂಡಾರದಲ್ಲಿ ಇಟ್ಟಿದ್ದರು. ಬ್ರೌಸರಿಗೆ ಸೇರಿಸಿಕೊಳ್ಳುವ ಅನ್‌ಪೇವಾಲ್ ಎಂಬ ಉಚಿತ ಸಾಧನ ಇಂಥ ನ್ಯಾಯಬದ್ಧ ಪ್ರತಿ ಇದ್ದರೆ ಹಸಿರು ಬೀಗದ ಗುರುತು ತೋರಿಸುತ್ತದೆ. ವಿಷಯ ಅದೇ ಇರುತ್ತದೆ, ಪುಟಸಂಖ್ಯೆ ಮಾತ್ರ ಅಚ್ಚಾದದ್ದಕ್ಕೆ ಹೊಂದುವುದಿಲ್ಲ. ಮತ್ತೊಂದನ್ನು ಬೇರೆ ಕೃಷಿ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ತರಿಸಿದೆವು. ಕೃಷಿ ಗ್ರಂಥಾಲಯಗಳ ನಡುವೆ ಸೆರಾ ಒಕ್ಕೂಟದ ಮೂಲಕ ಹೀಗೆ ಲೇಖನ ಕೇಳಿ ಕಳಿಸುವ ರೂಢಿ ವರ್ಷಗಳಿಂದ ಇದೆ. ಇದಕ್ಕೆ ದಿನಗಳು ಬೇಕು, ಹೊರಡುವ ಹಿಂದಿನ ಸಂಜೆ ಬಂದು ಕೇಳಬೇಡಿ. ಕೊನೆಯದಕ್ಕೆ ಲೇಖಕರಿಗೆ ಇಮೇಲ್ ಬರೆಸಿದೆ, ಉತ್ತರ ಬರಲಿಲ್ಲ.

ಅನಧಿಕೃತ ತಾಣಗಳಿಂದ ತೆಗೆದುಕೊಳ್ಳಲೇ ಎಂದು ಆಕೆ ಕೇಳಲಿಲ್ಲ, ಆದರೆ ಬೇರೆಯವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಅವುಗಳ ವಿರುದ್ಧ ಪ್ರಕಾಶಕರು 2020ರ ಡಿಸೆಂಬರ್‌ನಲ್ಲಿಯೇ ದೆಹಲಿ ಹೈಕೋರ್ಟಿಗೆ ಹೋಗಿದ್ದಾರೆ. ಮೇಲಾಗಿ 35ರಲ್ಲಿ 34 ನೇರ ದಾರಿಯಿಂದಲೇ ಸಿಕ್ಕವು.

ಇಷ್ಟು ಫೈಲ್‌ಗಳನ್ನು ಗೊಂದಲವಿಲ್ಲದೆ ಇಟ್ಟುಕೊಳ್ಳುವುದು ಹೇಗೆ?

ಆಕೆಯ ಪೆನ್‌ಡ್ರೈವಿನಲ್ಲಿ ಹೆಸರುಗಳು ಹೀಗಿದ್ದವು: `1-s2.0-S0378377421…-main.pdf`. ಇದು ಸುಮ್ಮನೆ ಹಾಕಿದ ಅಂಕಿಗಳಲ್ಲ. `S` ನಂತರದ ಎಂಟು ಅಂಕಿ ಐಎಸ್‌ಎಸ್‌ಎನ್ ಎಂಬ ಆ ಜರ್ನಲಿನ ಗುರುತಿನ ಸಂಖ್ಯೆ, ಅದರ ಮುಂದಿನ ಎರಡು ಅಂಕಿ ವರ್ಷದವು. ಆದರೆ ಹೊಲದ ಬದುವಿನಲ್ಲಿ ಕುಳಿತು ಇದರಿಂದ ಲೇಖನ ಹುಡುಕಲಾಗದು.

ಝೊಟೆರೊ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಲೇಖನದ ಪುಟ ತೆರೆದಿರುವಾಗ ಬ್ರೌಸರಿನಲ್ಲಿರುವ ಅದರ ಗುಂಡಿ ಒತ್ತಿದರೆ ಲೇಖಕರು, ವರ್ಷ, ಡಿಒಐ ಎಲ್ಲವನ್ನೂ ಬರೆದುಕೊಂಡು, ನಿಮಗೆ ಹಕ್ಕಿದ್ದರೆ ಪಿಡಿಎಫ್ ಕೂಡ ತಂದು, ಲೇಖಕ-ವರ್ಷ-ಶೀರ್ಷಿಕೆ ಎಂದು ಹೆಸರಿಡುತ್ತದೆ. ಹಕ್ಕಿಲ್ಲದಿದ್ದರೆ ಪಿಡಿಎಫ್ ಬದಲು ಜಾಲಪುಟದ ಪ್ರತಿ ಮಾತ್ರ ಉಳಿಯಬಹುದು. ಅದರ ಗುರುತು ಬೇರೆ ಇರುತ್ತದೆ, ಗಮನಿಸಿ.

ಫೈಲ್‌ಗಳು ನಿಮ್ಮ ಲ್ಯಾಪ್‌ಟಾಪಿನ `Zotero` ಫೋಲ್ಡರಿನ ಒಳಗಿರುವ `storage` ನಲ್ಲಿಯೇ ಇರುತ್ತವೆ, ಓದಲು ಇಂಟರ್ನೆಟ್ ಬೇಡ. ಅವರ ಸರ್ವರಿನಲ್ಲಿ ಉಚಿತವಾಗಿ ಸಿಗುವ ಜಾಗ 300 ಎಂಬಿ. ಆಕೆಗೆ ಅಷ್ಟು ಸಾಕಾಯಿತು, ಮೂರನೇ ವರ್ಷಕ್ಕೆ ಸಾಲದು. ಜಾಗ ತುಂಬಿದರೂ ಲ್ಯಾಪ್‌ಟಾಪಿನಲ್ಲಿರುವುದು ಅಳಿಯುವುದಿಲ್ಲ. ಬ್ಯಾಕಪ್‌ಗೆ ತಂತ್ರಾಂಶ ಮುಚ್ಚಿ ಇಡೀ ಫೋಲ್ಡರನ್ನು ಬೇರೆ ಡ್ರೈವಿಗೆ ನಕಲು ಮಾಡಿ. ತೆರೆದಿರುವಾಗ ನಕಲು ಮಾಡಿದರೆ ಅದರ ದತ್ತಕೋಶ ಅರೆಬರೆಯಾಗಿ ಬರಬಹುದು.

ಮಾರ್ಗದರ್ಶಕರಿಗೆ, ಗೆಳೆಯರಿಗೆ ಫೈಲ್ ಕೊಡಬಹುದೇ?

ಅದೇ ಸಂಸ್ಥೆಯ ಮಾರ್ಗದರ್ಶಕರಿಗೆ ಕೊಡುವುದರಲ್ಲಿ ತೊಡಕಿಲ್ಲ, ಅವರಿಗೂ ಅದೇ ಹಕ್ಕು ಇದೆ. ಬೇರೆ ಊರಿನ ಗೆಳೆಯರಿಗೆ ಡಿಒಐ ಕಳಿಸಿ, ಅವರು ತಮ್ಮ ಸಂಸ್ಥೆಯಿಂದ ತೆರೆಯಲಿ.

ಪಿಎಚ್.ಡಿ. ಮುಗಿದ ಮೇಲೆ?

ನಿಮ್ಮ ಖಾತೆ ನಿಲ್ಲುತ್ತದೆ. ನಿಮ್ಮ ಸಂಶೋಧನೆಗೆ ಇಳಿಸಿಕೊಂಡ ಜರ್ನಲ್ ಪಿಡಿಎಫ್‌ಗಳು ತಾವಾಗಿಯೇ ಅಳಿಯುವುದಿಲ್ಲ. ಎರವಲು ಪಡೆದ ಇ-ಪುಸ್ತಕಗಳಿಗೆ ಮಾತ್ರ ಅವಧಿಯ ಬೀಗ ಇರಬಹುದು, ಅವು ದಿನ ಮುಗಿದರೆ ತೆರೆಯವು.

ಆಫ್‌ಲೈನ್ ಪ್ರತಿಯನ್ನು ನಂಬಿ ಬರೆಯುವಾಗ ಏನು ನೋಡಿಕೊಳ್ಳಬೇಕು?

ನಿಮ್ಮ ಪ್ರತಿ ಇಳಿಸಿದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಆಮೇಲೆ ಲೇಖನಕ್ಕೆ ತಿದ್ದುಪಡಿ ಬಂದರೆ, ಅಥವಾ ಅದನ್ನು ಹಿಂಪಡೆದರೆ, ಅದಕ್ಕೆ ತಿಳಿಯದು. ಬಹಳಷ್ಟು ಪಿಡಿಎಫ್‌ಗಳ ಮೊದಲ ಪುಟದಲ್ಲಿ `Check for updates` ಎಂಬ ಗುಂಡಿ ಇರುತ್ತದೆ. ಇಂಟರ್ನೆಟ್ ಸಿಕ್ಕಾಗ ಅದನ್ನು ಒತ್ತಿದರೆ ತಿದ್ದುಪಡಿ ಇದೆಯೇ ಎಂದು ಹೇಳುತ್ತದೆ. ಹಿಂಪಡೆದ ಲೇಖನಗಳನ್ನು ಝೊಟೆರೊ ತಾನೇ ಗುರುತು ಹಾಕಿ ತೋರಿಸುತ್ತದೆ, ಆದರೆ ಸಣ್ಣ ತಿದ್ದುಪಡಿಗಳನ್ನು ನೀವೇ ನೋಡಬೇಕು.

ನವೆಂಬರಿನಲ್ಲಿ ಆಕೆ ಮರಳಿ ಬಂದಾಗ ಇಬ್ಬರೂ ಈ ಗುಂಡಿಯನ್ನು ಒಂದೊಂದಾಗಿ ಒತ್ತುತ್ತಾ ಹೋದೆವು. ಒಂದು ಲೇಖನದ ಕೋಷ್ಟಕದಲ್ಲಿ ವಿದ್ಯುತ್ ವಾಹಕತೆಯ ಏಕಮಾನ ತಪ್ಪಾಗಿ ಅಚ್ಚಾಗಿತ್ತೆಂದು ತಿದ್ದುಪಡಿ ಬಂದಿತ್ತು. ಪ್ರತಿ ಮೀಟರಿಗೆ ಡೆಸಿಸೀಮೆನ್ಸ್ ಎಂದಿರಬೇಕಾದಲ್ಲಿ ಮಿಲಿಸೀಮೆನ್ಸ್ ಎಂದಿತ್ತು, ನೂರು ಪಟ್ಟು ವ್ಯತ್ಯಾಸ. ಮಣ್ಣನ್ನು ಸವಳು ಎಂದು ಕರೆಯುವ ಗಡಿಯೇ ಮೀಟರಿಗೆ 4 ಡೆಸಿಸೀಮೆನ್ಸ್. ಆಕೆ ತನ್ನ ಗದ್ದೆಗಳ ಅಂಕಿಗಳನ್ನು ಆ ಕೋಷ್ಟಕದ ಪಕ್ಕದಲ್ಲಿಯೇ ಬರೆದುಕೊಂಡಿದ್ದಳು. ನೋಟ್‌ಪುಸ್ತಕ ತೆರೆದು, ಪೆನ್ನು ತೆಗೆದು, ಆ ಪುಟವನ್ನು ಅಲ್ಲಿಯೇ ತಿದ್ದಿದಳು.